ಬರೆದ ಅರ್ಜಿಯನ್ನು ನಾವೇ ತಿದ್ದಿಕೊಳ್ಳುವ ಕ್ರಮ: ಕಾಲ, ಹೊಂದಾಣಿಕೆ, ಚಿಹ್ನೆ, ಕಾಗುಣಿತ

ಕಾಸರಗೋಡಿನ ಕನ್ನಡ ಶಾಲೆಯೊಂದರ ಪೋಷಕರು ಉಪಜಿಲ್ಲಾ ವಿದ್ಯಾಧಿಕಾರಿಗಳಿಗೆ ಕನ್ನಡದಲ್ಲಿ ಅರ್ಜಿ ಬರೆಯುತ್ತಾರೆಂದು ಭಾವಿಸೋಣ. ಹಾಗೆ ಬರೆಯುವುದಕ್ಕೆ ಸಂವಿಧಾನದ ಆಧಾರವಿದೆ. ತನ್ನ ಕುಂದುಕೊರತೆಯ ನಿವಾರಣೆಗಾಗಿ ಯಾವುದೇ ವ್ಯಕ್ತಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಇಲ್ಲವೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದೆಂದು 350ನೆಯ ವಿಧಿ ಹೇಳುತ್ತದೆ. ಆದರೆ ಆ ಮನವಿಯನ್ನು ಓದಿ ತೀರ್ಮಾನಿಸುವ ಅಧಿಕಾರಿಗೆ ಕನ್ನಡ ತಿಳಿದಿರುತ್ತದೆಂಬ ಭರವಸೆಯಿಲ್ಲ. ಕನ್ನಡ ಬಲ್ಲ ಸಿಬ್ಬಂದಿಯೊಬ್ಬರು ಅದನ್ನು ಮಲಯಾಳಕ್ಕೋ ಇಂಗ್ಲಿಷಿಗೋ ತಿರುಗಿಸಿ ಮುಂದಿಡಬೇಕಾಗುತ್ತದೆ. ಹೊಸೂರಿನಲ್ಲಿ ತಮಿಳಿಗೆ, ಅಕ್ಕಲಕೋಟೆಯಲ್ಲಿ ಮರಾಠಿಗೆ, ರಾಯದುರ್ಗದಲ್ಲಿ ತೆಲುಗಿಗೆ ಇದೇ ರೀತಿ ಆಗಬಹುದು.

ನಮ್ಮ ಊರಿನವರು ಓದಿದರೆ ತಪ್ಪಿದ್ದರೂ ನಮ್ಮ ಮನಸ್ಸಿನಲ್ಲಿರುವುದನ್ನು ಊಹಿಸಿಕೊಳ್ಳುತ್ತಾರೆ. ಅನುವಾದಿಸುವವರು ಊಹಿಸಲಾರರು. ಹಾಳೆಯ ಮೇಲೆ ಏನಿದೆಯೋ ಅದನ್ನೇ ತಿರುಗಿಸುತ್ತಾರೆ. ಹುದ್ದೆ ‘ಖಾಲಿಯಿದೆ’ ಎನ್ನುವಲ್ಲಿ ‘ಖಾಲಿಯಿತ್ತು’ ಎಂದು ಬರೆದರೆ, ಅನುವಾದದಲ್ಲಿ ಆ ಹುದ್ದೆ ಈಗ ತುಂಬಿದಂತಾಗುತ್ತದೆ. ಆದ್ದರಿಂದ ಅರ್ಜಿಯನ್ನು ಕೊಡುವ ಮುನ್ನ ನಾವೇ ತಿದ್ದಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ. ಪರೀಕ್ಷೆಯ ಪ್ರಬಂಧಕ್ಕೂ ಮನೆಗೆಲಸದ ಬರವಣಿಗೆಗೂ ಇದೇ ಕ್ರಮ ಸಲ್ಲುತ್ತದೆ.

ಒಂದು ಓದಿಗೆ ಒಂದೇ ಪ್ರಶ್ನೆ

ತಾನು ಬರೆದುದನ್ನು ತಾನೇ ಓದುವಾಗ ಕಣ್ಣು ಅಕ್ಷರಗಳನ್ನು ಪೂರ್ತಿಯಾಗಿ ನೋಡುವುದಿಲ್ಲ. ಮುಂದೇನಿದೆಯೆಂದು ಮನಸ್ಸಿಗೆ ಮೊದಲೇ ತಿಳಿದಿರುವುದರಿಂದ, ಬಿಟ್ಟುಹೋದ ಒತ್ತಕ್ಷರವನ್ನೂ ಅದು ತುಂಬಿಕೊಂಡು ಓದುತ್ತದೆ. ಎಲ್ಲ ಬಗೆಯ ತಪ್ಪುಗಳನ್ನು ಒಂದೇ ಓದಿನಲ್ಲಿ ಹುಡುಕಹೊರಟರಂತೂ ಅರ್ಥದ ಓಟದಲ್ಲಿ ಅಕ್ಷರ ಮರೆಯಾಗುತ್ತದೆ, ಅಕ್ಷರದ ಚಿಂತೆಯಲ್ಲಿ ವಾಕ್ಯ ಮರೆಯಾಗುತ್ತದೆ. ಅದಕ್ಕಾಗಿ ನಾವು ನಾಲ್ಕು ಬಾರಿ ಓದಿಸುತ್ತೇವೆ; ಒಂದು ಬಾರಿಗೆ ಒಂದೇ ಪ್ರಶ್ನೆ.

ಓದಿನ ಅನುಕ್ರಮವೂ ಮುಖ್ಯ. ಸಾಮಾನ್ಯವಾಗಿ ಎಲ್ಲರೂ ಕಾಗುಣಿತದಿಂದ ಆರಂಭಿಸುತ್ತಾರೆ. ನಾವು ಅದನ್ನು ಕೊನೆಗೆ ಇಡುತ್ತೇವೆ. ಕಾಲವನ್ನು ತಿದ್ದುವಾಗ ಕ್ರಿಯಾಪದ ಬದಲಾಗುತ್ತದೆ, ಚಿಹ್ನೆಯನ್ನು ತಿದ್ದುವಾಗ ಕೆಲವೊಮ್ಮೆ ವಾಕ್ಯವನ್ನೇ ಮುರಿದು ಕಟ್ಟಬೇಕಾಗುತ್ತದೆ. ಹೀಗೆ ಹೊಸದಾಗಿ ಬರೆದ ಪದಗಳಲ್ಲಿ ಹೊಸ ಕಾಗುಣಿತ ದೋಷಗಳು ನುಸುಳುತ್ತವೆ. ಕಾಗುಣಿತವನ್ನು ಮೊದಲೇ ನೋಡಿ ಮುಗಿಸಿದ್ದರೆ ಅವು ಹಾಗೆಯೇ ಉಳಿಯುತ್ತವೆ.

ಈ ಕೆಳಗಿನ ಕರಡನ್ನು ಪಾಠಕ್ಕೆಂದೇ ನಾವು ರಚಿಸಿದ್ದೇವೆ. ಇದರಲ್ಲಿರುವ ತಪ್ಪುಗಳು ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣಸಿಗುವಂಥವು. ಮುಂದಕ್ಕೆ ಓದುವ ಮೊದಲು ಮಕ್ಕಳೊಂದಿಗೆ ಕುಳಿತು ಎಷ್ಟು ತಪ್ಪುಗಳು ಸಿಗುತ್ತವೆಂದು ಎಣಿಸಿ ನೋಡಬಹುದು.

> ಮಾನ್ಯರೆ,
> ನಮ್ಮ ಶಾಲೆಯ ಕನ್ನಡ ಮಾದ್ಯಮ ವಿಭಾಗದಲ್ಲಿ 42 ವಿಧ್ಯಾರ್ಥಿಗಳು ಓದುತ್ತಿದೆ. ಈ ವರ್ಷದ ಜೂನ್ ತಿಂಗಳಿನಿಂದ ಗಣಿತ ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿಯಿತ್ತು ಈಗ ತಾತ್ಕಾಲಿಕವಾಗಿ ಬರುವ ಶಿಕ್ಷಕರು ಕನ್ನಡ ಬಾರದ ಕಾರಣ ಮಕ್ಕಳಿಗೆ ಪಾಠ ಅರ್ತವಾಗುತ್ತಿಲ್ಲ. ಈ ಬಗ್ಗೆ ನಾನು ಜುಲೈ ತಿಂಗಳಲ್ಲಿ ಮನವಿ ಸಲ್ಲಿಸುತ್ತೇವೆ. ಈವರೆಗೆ ಉತ್ತರಿಸಿಲ್ಲ. ರಕ್ಷಕ-ಶಿಕ್ಷಕ ಸಂಘದ ಸಭೆಯು ಈ ಅರ್ಜಿಗೆ ಒಪ್ಪಿಗೆ ನೀಡಿದ್ದಾರೆ. ಆದ್ದರಿಂದ ಕನ್ನಡ ಬಲ್ಲ ಗಣಿತ ವಿಜ್ಞಾನ ಶಿಕ್ಷಕರನ್ನು ಶೀಘ್ರವಾಗಿ ನೇಮಿಸ ಬೇಕೆಂದು ಕೋರುತ್ತೇವೆ.

ಮೊದಲ ಓದು: ಕಾಲ

ಕರಡಿನಲ್ಲಿರುವ ಕ್ರಿಯಾಪದಗಳಿಗೆ ಮಾತ್ರ ಸೀಸದಕಡ್ಡಿಯಿಂದ ಸುತ್ತು ಹಾಕಬೇಕು. ಬಳಿಕ ಉಳಿದುದನ್ನೆಲ್ಲ ಬಿಟ್ಟು ಅವುಗಳನ್ನಷ್ಟೇ ಸಾಲಾಗಿ ಓದಬೇಕು: ಓದುತ್ತಿದೆ, ಖಾಲಿಯಿತ್ತು, ಅರ್ಥವಾಗುತ್ತಿಲ್ಲ, ಸಲ್ಲಿಸುತ್ತೇವೆ, ಉತ್ತರಿಸಿಲ್ಲ, ನೀಡಿದ್ದಾರೆ, ಕೋರುತ್ತೇವೆ. ಪ್ರತಿಯೊಂದರ ಮುಂದೆ ‘ಇದು ನಡೆದದ್ದು ಯಾವಾಗ?’ ಎಂದು ಕೇಳಿಕೊಳ್ಳಬೇಕು.

ಹುದ್ದೆ ಖಾಲಿಯಾಗಿರುವುದು ಜೂನ್ ತಿಂಗಳಿನಿಂದ ಇಂದಿನವರೆಗೆ. ಆದ್ದರಿಂದ ‘ಖಾಲಿಯಿತ್ತು’ ತಪ್ಪು, ‘ಖಾಲಿಯಿದೆ’ ಸರಿ. ಇಲ್ಲಿ ಅನೇಕರು ಗೌರವದ ಬರವಣಿಗೆಯೆಂದು ಭಾವಿಸಿ ‘ಖಾಲಿಯಿರುತ್ತದೆ’ ಎಂದು ಬರೆಯುತ್ತಾರೆ. ಕಚೇರಿಯ ಪತ್ರಗಳಲ್ಲಿ ಈ ರೂಪ ಬಹಳವಾಗಿ ಬಳಕೆಯಲ್ಲಿದ್ದರೂ, ಅದರ ಸಹಜವಾದ ಅರ್ಥ ‘ಸಾಮಾನ್ಯವಾಗಿ ಖಾಲಿಯಾಗಿಯೇ ಇರುತ್ತದೆ’ ಎಂಬುದು. ಇಂದಿನ ಸ್ಥಿತಿಯನ್ನು ಹೇಳುವಾಗ ಇದೆ, ಇವೆ, ಇದ್ದಾರೆ ಎಂಬ ರೂಪಗಳೇ ಸಾಕು.

‘ಜುಲೈ ತಿಂಗಳಲ್ಲಿ ಮನವಿ ಸಲ್ಲಿಸುತ್ತೇವೆ’ ಎಂಬುದರಲ್ಲಿ ಇನ್ನೂ ಹೆಚ್ಚಿನ ಅಪಾಯವಿದೆ. ಕನ್ನಡದಲ್ಲಿ ವರ್ತಮಾನದ ರೂಪವನ್ನೇ ಮುಂದೆ ನಡೆಯುವುದಕ್ಕೂ ಬಳಸುತ್ತೇವೆ. ‘ನಾಳೆ ಬರುತ್ತೇನೆ’ ಎನ್ನುವುದು ಎಲ್ಲರ ಮಾತು. ಹಾಗಾಗಿ ಅನುವಾದಿಸುವವರು ಈ ವಾಕ್ಯವನ್ನು ‘ಮುಂದಿನ ಜುಲೈಯಲ್ಲಿ ಸಲ್ಲಿಸುವೆವು’ ಎಂದು ತಿಳಿದುಕೊಳ್ಳಲು ಅವಕಾಶವಿದೆ. ಪೋಷಕರು ಈಗಾಗಲೇ ಒಮ್ಮೆ ಕೇಳಿದ್ದರೆಂಬ ಮುಖ್ಯ ಸಂಗತಿಯೇ ಅಲ್ಲಿಗೆ ಕಳೆದುಹೋಗುತ್ತದೆ.

ಇದನ್ನು ‘ಸಲ್ಲಿಸಿದ್ದೇವೆ’ ಎಂದು ತಿದ್ದಬೇಕೋ ‘ಸಲ್ಲಿಸಿದ್ದೆವು’ ಎಂದೋ? ಎರಡೂ ನಡೆದುಹೋದ ಕೆಲಸವನ್ನೇ ಹೇಳುತ್ತವೆ. ‘ಸಲ್ಲಿಸಿದ್ದೇವೆ’ ಎಂದರೆ ಕೆಲಸವಾಗಿದೆ, ಅದು ಈಗಲೂ ನಿಂತಿದೆ ಎಂದು ಅರ್ಥ. ‘ಸಲ್ಲಿಸಿದ್ದೆವು’ ಎಂದರೆ ಹಿಂದಿನ ಒಂದು ನಿರ್ದಿಷ್ಟ ಸಮಯದಲ್ಲಿ ಆಗಿತ್ತು, ಅದರ ನಂತರ ಹೇಳಬೇಕಾದ್ದು ಇನ್ನೊಂದಿದೆ ಎಂಬ ಸೂಚನೆ. ಜುಲೈ ಎಂಬ ಕಾಲವನ್ನು ಹೆಸರಿಸಿ, ‘ಉತ್ತರ ಬಂದಿಲ್ಲ’ ಎಂದು ಮುಂದುವರಿಯುವಲ್ಲಿ ಎರಡನೆಯ ರೂಪ ಹೆಚ್ಚು ಒಪ್ಪುತ್ತದೆ. ‘ದ್ದೇ’ ಮತ್ತು ‘ದ್ದೆ’ಗಳ ನಡುವಿನ ದೀರ್ಘವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಕಾಲವು ಕ್ರಿಯಾಪದದಲ್ಲಿ ಮಾತ್ರವಲ್ಲದೆ ನಾಮಪದದ ಹಿಂದೆ ಬರುವ ಕೃದಂತದಲ್ಲಿಯೂ ಅಡಗಿರುತ್ತದೆ. ‘ಬಂದ ಶಿಕ್ಷಕರು’ ಹಿಂದೆ ಬಂದವರು. ‘ಬರುವ ಶಿಕ್ಷಕರು’ ದಿನವೂ ಬರುವವರಾಗಿರಬಹುದು, ಇನ್ನು ಮುಂದೆ ಬರಲಿರುವವರೂ ಆಗಿರಬಹುದು. ಈಗ ಪಾಠ ಮಾಡುತ್ತಿರುವವರನ್ನು ಕುರಿತು ಹೇಳುವಾಗ ‘ಬರುತ್ತಿರುವ ಶಿಕ್ಷಕರು’ ಎಂದು ಬರೆದರೆ ಅನುಮಾನವಿರುವುದಿಲ್ಲ.

ಎರಡನೆಯ ಓದು: ಹೊಂದಾಣಿಕೆ

ಕರ್ತೃವಿನ ಲಿಂಗ, ವಚನ, ಪುರುಷಗಳಿಗೆ ಕ್ರಿಯಾಪದ ಹೊಂದಿಕೊಂಡಿರಬೇಕು. ಇದನ್ನು ಪರೀಕ್ಷಿಸಲು ಸುತ್ತು ಹಾಕಿದ ಪ್ರತಿ ಕ್ರಿಯಾಪದಕ್ಕೂ ‘ಯಾರು?’ ಅಥವಾ ‘ಯಾವುದು?’ ಎಂದು ಕೇಳಿ, ಉತ್ತರವಾಗಿ ಬಂದ ಪದಕ್ಕೆ ಒಂದು ಗೆರೆ ಎಳೆಯಬೇಕು. ಬಳಿಕ ನಡುವಿನ ಪದಗಳನ್ನು ಬಿಟ್ಟು ಅವೆರಡನ್ನೇ ಜೋಡಿಸಿ ಗಟ್ಟಿಯಾಗಿ ಓದಬೇಕು. ‘ವಿದ್ಯಾರ್ಥಿಗಳು ಓದುತ್ತಿದೆ’ ಎಂದು ಓದಿದೊಡನೆ ಏಳನೆಯ ತರಗತಿಯ ಮಗುವಿಗೂ ತಪ್ಪು ಕೇಳಿಸುತ್ತದೆ. ‘ಓದುತ್ತಿದ್ದಾರೆ’ ಎಂದು ತಾನೇ ತಿದ್ದುತ್ತದೆ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಅಂತರ ಹೆಚ್ಚಿದಷ್ಟೂ ತಪ್ಪಿನ ಸಾಧ್ಯತೆ ಹೆಚ್ಚುತ್ತದೆ. ಹೀಗಾಗಿ ಉದ್ದವಾದ ವಾಕ್ಯಗಳಲ್ಲಿ ಈ ಪರೀಕ್ಷೆಯನ್ನು ಬಿಡಕೂಡದು.

‘ಸಭೆಯು ಒಪ್ಪಿಗೆ ನೀಡಿದ್ದಾರೆ’ ಎಂಬಲ್ಲಿ ಸಭೆ ನಪುಂಸಕಲಿಂಗದ ಏಕವಚನ. ‘ಸಭೆಯು ನೀಡಿದೆ’ ಎನ್ನಬೇಕು. ಗೌರವ ಬೇಕಾದರೆ ‘ಸಂಘದ ಸದಸ್ಯರು ನೀಡಿದ್ದಾರೆ’ ಎಂದು ಕರ್ತೃವನ್ನೇ ಬದಲಾಯಿಸಬೇಕು. ಸರ್ಕಾರ, ಇಲಾಖೆ, ಸಮಿತಿ, ಕಚೇರಿ ಇವುಗಳಿಗೂ ಇದೇ ನಿಯಮ. ‘ನಾನು ಮನವಿ ಸಲ್ಲಿಸುತ್ತೇವೆ’ ಎಂಬುದರಲ್ಲಿ ಪುರುಷ ಸರಿಯಾಗಿದ್ದು ವಚನ ತಪ್ಪಿದೆ. ಒಬ್ಬರು ಬರೆದು ಹಲವರು ಸಹಿ ಹಾಕುವ ಅರ್ಜಿಗಳಲ್ಲಿ ಇದು ಸಾಮಾನ್ಯ. ಸಹಿ ಯಾರದ್ದೆಂದು ಮೊದಲು ನಿರ್ಧರಿಸಿ, ಮೊದಲ ಸಾಲಿನಿಂದ ಕೊನೆಯವರೆಗೆ ‘ನಾನು’ ಅಥವಾ ‘ನಾವು’ ಎಂಬ ಒಂದನ್ನೇ ಉಳಿಸಿಕೊಳ್ಳಬೇಕು.

‘ಶಿಕ್ಷಕರು ಕನ್ನಡ ಬಾರದ ಕಾರಣ’ ಎಂಬುದು ವಿಭಕ್ತಿಯ ತಪ್ಪು. ಭಾಷೆ ‘ಬರುವುದು’ ಒಬ್ಬರಿಗೆ. ಆದ್ದರಿಂದ ಚತುರ್ಥಿ ಬೇಕು: ‘ಶಿಕ್ಷಕರಿಗೆ ಕನ್ನಡ ಬಾರದ ಕಾರಣ’. ಗೊತ್ತು, ಬೇಕು, ಅರ್ಥವಾಗು ಎಂಬ ಪದಗಳೂ ಹೀಗೆಯೇ ‘ಯಾರಿಗೆ’ ಎಂಬ ಉತ್ತರವನ್ನು ಬೇಡುತ್ತವೆ.

ಎರಡು ಸಂಗತಿಗಳನ್ನು ಈ ಓದಿನಲ್ಲಿ ವಿಶೇಷವಾಗಿ ನೋಡಬೇಕು. ಮೊದಲನೆಯದು ಗೌರವಾರ್ಥ ಬಹುವಚನ. ‘ಶಿಕ್ಷಕರು’ ಎಂದರೆ ಒಬ್ಬರೂ ಆಗಬಹುದು, ನಾಲ್ವರೂ ಆಗಬಹುದು. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಎಷ್ಟು ಹುದ್ದೆಗಳೆಂಬುದೇ ವಿಷಯವಾಗಿರುವ ಅರ್ಜಿಯಲ್ಲಿ ‘ಗಣಿತ ವಿಜ್ಞಾನ ಶಿಕ್ಷಕರ ಹುದ್ದೆ’ ಎಂದರೆ ಎರಡೂ ವಿಷಯಗಳಿಗೆ ಒಬ್ಬರೇ ಎಂದು ತಿಳಿಯಲು ಅಡ್ಡಿಯಿಲ್ಲ. ಸಂಖ್ಯೆಯನ್ನು ಹೇಳಲೇಬೇಕು: ‘ಗಣಿತದ ಒಂದು, ವಿಜ್ಞಾನದ ಒಂದು, ಹೀಗೆ ಎರಡು ಹುದ್ದೆಗಳು’. ಹುದ್ದೆ ‘ಹುದ್ದೆಗಳು’ ಆದೊಡನೆ ಕ್ರಿಯಾಪದವೂ ‘ಖಾಲಿಯಿವೆ’ ಎಂದು ಬದಲಾಗುತ್ತದೆ. ಮೊದಲ ಓದಿನಲ್ಲಿ ‘ಖಾಲಿಯಿದೆ’ ಎಂದು ತಿದ್ದಿದ್ದನ್ನು ಇಲ್ಲಿ ಮತ್ತೊಮ್ಮೆ ತಿದ್ದಬೇಕಾಯಿತು.

ಎರಡನೆಯದು ‘ಇಲ್ಲ’ ಎಂಬ ಪದ. ಕನ್ನಡದ ಕ್ರಿಯಾಪದ ತನ್ನ ಕೊನೆಯಲ್ಲಿ ಕರ್ತೃವಿನ ಗುರುತನ್ನು ಹೊತ್ತಿರುತ್ತದೆ. ‘ಬಂದೆನು’ ಎಂದರೆ ನಾನು, ‘ಬಂದಳು’ ಎಂದರೆ ಅವಳು. ಅದಕ್ಕಾಗಿಯೇ ನಾವು ಕರ್ತೃಪದವನ್ನು ಬಿಟ್ಟು ಬರೆದರೂ ನಡೆಯುತ್ತದೆ. ಆದರೆ ‘ಇಲ್ಲ’ದಲ್ಲಿ ಆ ಗುರುತು ಇಲ್ಲ: ನಾನು ಬಂದಿಲ್ಲ, ಅವಳು ಬಂದಿಲ್ಲ, ಅವರು ಬಂದಿಲ್ಲ, ಎಲ್ಲವೂ ಒಂದೇ. ಕರಡಿನ ‘ಈವರೆಗೆ ಉತ್ತರಿಸಿಲ್ಲ’ ಎಂಬ ವಾಕ್ಯದಲ್ಲಿ ಉತ್ತರಿಸದವರು ಯಾರು? ಕಚೇರಿಯವರೋ, ಶಾಲೆಯವರೋ, ನಾವೋ? ವಾಕ್ಯ ಹೇಳುವುದಿಲ್ಲ. ‘ಇಲ್ಲ’ ಎಂದು ಮುಗಿಯುವ ವಾಕ್ಯದಲ್ಲಿ ಕರ್ತೃವನ್ನು ಸ್ಪಷ್ಟವಾಗಿ ಬರೆಯಬೇಕು: ‘ಅದಕ್ಕೆ ಈವರೆಗೆ ಕಚೇರಿಯಿಂದ ಉತ್ತರ ಬಂದಿಲ್ಲ’.

ಗಡಿಯ ಮಕ್ಕಳು ದಿನವೂ ಕೇಳುವ ನೆರೆಭಾಷೆಯೂ ಈ ತಪ್ಪುಗಳಿಗೆ ಒಂದು ಕಾರಣವಾಗಬಹುದು. ಮಲಯಾಳದ ಕ್ರಿಯಾಪದ ಕರ್ತೃವಿಗನುಗುಣವಾಗಿ ಬದಲಾಗುವುದಿಲ್ಲ. ‘ಞಾನ್ ವನ್ನು’, ‘ಅವನ್ ವನ್ನು’, ‘ಅವರ್ ವನ್ನು’ ಎಲ್ಲದರಲ್ಲಿಯೂ ಕ್ರಿಯೆ ಒಂದೇ. ತೆಲುಗಿನ ಏಕವಚನದಲ್ಲಿ ಸ್ತ್ರೀಗೂ ವಸ್ತುವಿಗೂ ಒಂದೇ ರೂಪ: ‘ಆಮೆ ವಚ್ಚಿಂದಿ’, ‘ಅದಿ ವಚ್ಚಿಂದಿ’. ಮರಾಠಿಯ ಭೂತಕಾಲದಲ್ಲಿ ಸಕರ್ಮಕ ಕ್ರಿಯೆ ಕರ್ಮಪದವನ್ನು ಅನುಸರಿಸುತ್ತದೆ: ಪೋಳಿ ತಿಂದರೆ ‘ಖಾಲ್ಲೀ’, ಮಾವು ತಿಂದರೆ ‘ಖಾಲ್ಲಾ’. ಮಗು ಎಲ್ಲಿ ಎಡವುತ್ತಿದೆಯೆಂದು ತಿಳಿಯಲು ಮನೆಯವರಿಗೆ ಈ ವ್ಯತ್ಯಾಸ ನೆರವಾಗುತ್ತದೆ. ಆ ಭಾಷೆಯಲ್ಲಿ ಹಾಗಿದೆ, ನಮ್ಮಲ್ಲಿ ಹೀಗಿದೆ ಎಂದು ಎರಡನ್ನೂ ಅಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ಮಗು ಗದರಿಕೆಯಿಲ್ಲದೆ ಕಲಿಯುತ್ತದೆ.

ಮೂರನೆಯ ಓದು: ಲೇಖನ ಚಿಹ್ನೆ

ಈ ಓದನ್ನು ಗಟ್ಟಿಯಾಗಿಯೇ ಮಾಡಬೇಕು. ಚಿಹ್ನೆ ಇರುವಲ್ಲಿ ಮಾತ್ರ ನಿಲ್ಲಬೇಕು, ಇಲ್ಲದಲ್ಲಿ ನಿಲ್ಲಕೂಡದು. ಕರಡನ್ನು ಹಾಗೆ ಓದಿದರೆ ‘ಖಾಲಿಯಿತ್ತು ಈಗ ತಾತ್ಕಾಲಿಕವಾಗಿ’ ಎಂಬಲ್ಲಿ ಉಸಿರು ಕಟ್ಟುತ್ತದೆ. ಪೂರ್ಣವಿರಾಮ ಬಿಟ್ಟುಹೋಗಿರುವುದರಿಂದ ‘ಈಗ’ ಎಂಬ ಪದ ಹಿಂದಿನ ವಾಕ್ಯದ್ದೋ ಮುಂದಿನದ್ದೋ ತಿಳಿಯದು. ಕನ್ನಡದಲ್ಲಿ ವಾಕ್ಯವು ಸಾಮಾನ್ಯವಾಗಿ ಕ್ರಿಯಾಪದದಿಂದ ಮುಗಿಯುತ್ತದೆ. ಆದ್ದರಿಂದ ಸುತ್ತು ಹಾಕಿದ ಪ್ರತಿ ಪೂರ್ಣ ಕ್ರಿಯಾಪದದ ಮುಂದೆ ಒಂದು ಚಿಹ್ನೆ ಇದೆಯೇ ಎಂದು ನೋಡಿದರೆ ಇಂಥ ತಪ್ಪುಗಳು ಬಹುತೇಕ ಸಿಕ್ಕಿಬೀಳುತ್ತವೆ.

‘ಗಣಿತ ವಿಜ್ಞಾನ ಶಿಕ್ಷಕರು’ ಎಂಬಲ್ಲಿ ಅಲ್ಪವಿರಾಮ ಹಾಕಿ ‘ಗಣಿತ, ವಿಜ್ಞಾನ ಶಿಕ್ಷಕರು’ ಎಂದರೆ ವಿಷಯಗಳು ಎರಡೆಂದು ತಿಳಿಯುತ್ತದೆ. ಆದರೂ ಒಂದು ಗೊಂದಲ ಉಳಿಯುತ್ತದೆ. ‘ಕನ್ನಡ ಬಲ್ಲ ಗಣಿತ, ವಿಜ್ಞಾನ ಶಿಕ್ಷಕರನ್ನು’ ಎಂದಾಗ ಕನ್ನಡ ಬಲ್ಲವರಾಗಿರಬೇಕಾದ್ದು ಗಣಿತದವರು ಮಾತ್ರವೋ ಇಬ್ಬರೂವೋ? ಚಿಹ್ನೆಯಿಂದ ಇದನ್ನು ಸರಿಪಡಿಸಲಾಗದು. ಇಡೀ ಅರ್ಜಿಯ ತಿರುಳೇ ಇದಾದ್ದರಿಂದ ವಾಕ್ಯವನ್ನು ಮುರಿದು ಕಟ್ಟಬೇಕು: ‘ಈ ಎರಡೂ ಹುದ್ದೆಗಳಿಗೆ ಕನ್ನಡ ಬಲ್ಲ ಶಿಕ್ಷಕರನ್ನು’.

ಉಳಿದವು ಸಣ್ಣ ಸಂಗತಿಗಳು. ಚಿಹ್ನೆಯ ಹಿಂದೆ ಜಾಗ ಬಿಡಬಾರದು, ಮುಂದೆ ಬಿಡಬೇಕು. ಒಬ್ಬರ ಮಾತನ್ನು ಇದ್ದಂತೆಯೇ ಬರೆದಾಗ ಉದ್ಧರಣ ಚಿಹ್ನೆ ಬೇಕು. ‘ಉತ್ತರ ಕೊಡುವುದಾಗಿ ಹೇಳಿದರು’ ಎಂಬಂತೆ ನಮ್ಮ ವಾಕ್ಯದೊಳಗೆ ಸೇರಿಸಿಕೊಂಡಾಗ ಬೇಕಿಲ್ಲ. ‘ಯಾವಾಗ ಬರುತ್ತಾರೆಂದು ತಿಳಿದಿಲ್ಲ’ ಎಂಬುದರಲ್ಲಿ ಪ್ರಶ್ನೆಯ ಪದವಿದ್ದರೂ ವಾಕ್ಯ ಪ್ರಶ್ನೆಯಲ್ಲ, ಪೂರ್ಣವಿರಾಮವೇ ಸಾಕು.

ನಾಲ್ಕನೆಯ ಓದು: ಕಾಗುಣಿತ

ಇಷ್ಟು ತಿದ್ದಿದ ಮೇಲೆ ಅರ್ಜಿಯನ್ನು ಒಮ್ಮೆ ಶುದ್ಧಪ್ರತಿ ಮಾಡಿ, ಆ ಪ್ರತಿಯನ್ನು ಕೊನೆಯ ಪದದಿಂದ ಮೊದಲಿಗೆ ಹಿಂದುಮುಂದಾಗಿ ಓದಬೇಕು. ಒಂದೊಂದು ಪದದ ಮೇಲೂ ಬೆರಳಿಡಬೇಕು. ಹಿಂದಿನಿಂದ ಓದುವಾಗ ಅರ್ಥ ಕೂಡಿಬರುವುದಿಲ್ಲ. ಆದ್ದರಿಂದ ಮನಸ್ಸು ಊಹಿಸಲಾರದೆ ಕಣ್ಣು ಅಕ್ಷರವನ್ನೇ ನೋಡುತ್ತದೆ.

ಅರ್ಜಿಗಳಲ್ಲಿ ಹೆಚ್ಚಾಗಿ ತಪ್ಪುವುದು ಅಲ್ಪಪ್ರಾಣ, ಮಹಾಪ್ರಾಣಗಳಲ್ಲಿ. ಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳಿಸದಿರುವುದರಿಂದ ಕಿವಿಯನ್ನು ನಂಬಿ ಬರೆಯುವಂತಿಲ್ಲ. ತಮಿಳು ಲಿಪಿಯಲ್ಲಿ ಮಹಾಪ್ರಾಣಕ್ಕೆ ಅಕ್ಷರವೇ ಇಲ್ಲದಿರುವುದರಿಂದ ಹೊಸೂರು, ತಾಳವಾಡಿಯ ಮಕ್ಕಳಿಗೆ ಇದು ಇನ್ನಷ್ಟು ಕಷ್ಟ. ಒಂಟಿ ಪದವನ್ನು ಕಂಠಪಾಠ ಮಾಡುವುದರ ಬದಲು ಅದರ ಬಳಗವನ್ನು ನೆನಪಿಡುವುದು ಸುಲಭ. ‘ಮಧ್ಯ’ದಿಂದ ಮಾಧ್ಯಮ, ಮಧ್ಯಾಹ್ನ ಬಂದಿವೆ; ಆದ್ದರಿಂದ ‘ಮಾದ್ಯಮ’ ತಪ್ಪು. ‘ವಿದ್ಯೆ’ಯಿಂದ ವಿದ್ಯಾರ್ಥಿ, ವಿದ್ಯಾಲಯ, ವಿದ್ಯಾಧಿಕಾರಿ ಬಂದಿವೆ, ಆದ್ದರಿಂದ ‘ವಿಧ್ಯಾರ್ಥಿ’ ತಪ್ಪು. ವಿದ್ಯೆಯನ್ನು ಬಯಸುವವನು ವಿದ್ಯಾರ್ಥಿಯಾದ್ದರಿಂದ ಅದರ ಕೊನೆಯಲ್ಲಿರುವುದು ‘ಅರ್ಥ’ದ ಥಕಾರ. ಅದೇ ಅಕ್ಷರ ‘ಅರ್ಥವಾಗುತ್ತಿಲ್ಲ’ ಎಂಬಲ್ಲಿಯೂ ಇರಬೇಕು.

ಮಹಾಪ್ರಾಣದ ಒತ್ತು ಬರುವ ಕಡೆ ಇನ್ನೊಂದು ನಿಯಮ ನೆರವಾಗುತ್ತದೆ. ಒಂದೇ ವರ್ಗದ ಅಲ್ಪಪ್ರಾಣ, ಮಹಾಪ್ರಾಣಗಳು ಕೂಡಿದಾಗ ಮೇಲಿನದು ಅಲ್ಪಪ್ರಾಣ, ಒತ್ತು ಮಹಾಪ್ರಾಣ: ಅಭಿವೃದ್ಧಿ, ಪ್ರಸಿದ್ಧ, ಶುದ್ಧ, ಸ್ವಚ್ಛ. ‘ಅಭಿವೃದ್ದಿ’ ಎಂಬ ರೂಪ ಫಲಕಗಳಲ್ಲಿ ಎಷ್ಟು ಕಂಡರೂ ಸರಿಯಾಗುವುದಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಕ್ಕಳು ಮರಾಠಿಯನ್ನೂ ಓದುವುದರಿಂದ ಅವರಿಗೆ ಬೇರೊಂದು ಎಡವು ಇದೆ. ಮರಾಠಿ ಬರವಣಿಗೆಯಲ್ಲಿ ಎಕಾರ, ಒಕಾರಗಳಿಗೆ ಹ್ರಸ್ವ, ದೀರ್ಘ ಎಂಬ ಭೇದವಿಲ್ಲ. ಕನ್ನಡದಲ್ಲಿ ಅದೇ ಭೇದದಿಂದ ಅರ್ಥ ಬದಲಾಗುತ್ತದೆ: ಬೆಳೆ ಹೊಲದಲ್ಲಿರುತ್ತದೆ, ಬೇಳೆ ಅಡುಗೆಮನೆಯಲ್ಲಿ. ಇಂಥ ತಪ್ಪನ್ನು ಮೊಬೈಲಿನ ಕಾಗುಣಿತ ಪರೀಕ್ಷಕವೂ ಹಿಡಿಯಲಾರದು. ಅದರ ದೃಷ್ಟಿಯಲ್ಲಿ ಎರಡೂ ಸರಿಯಾದ ಪದಗಳೇ.

ಬೇಕು, ಬಾರದು, ಕೂಡದು ಎಂಬವು ಕ್ರಿಯೆಯೊಡನೆ ಕೂಡಿಯೇ ಇರಬೇಕು: ನೇಮಿಸಬೇಕು, ಬಿಡಬಾರದು. ಕೆಲವು ಪದಗಳಿಗೆ ಎರಡು ರೂಪಗಳೂ ಬಳಕೆಯಲ್ಲಿವೆ. ಸರ್ಕಾರ, ಸರಕಾರ ಅಂಥವು. ಯಾವುದಾದರೂ ಒಂದನ್ನು ಆರಿಸಿ ಕೊನೆಯವರೆಗೆ ಅದನ್ನೇ ಬರೆಯಬೇಕು. ವ್ಯಕ್ತಿಗಳ ಹೆಸರಿಗೆ ಮಾತ್ರ ವ್ಯಾಕರಣ ಪ್ರಮಾಣವಲ್ಲ, ಶಾಲೆಯ ದಾಖಲೆ ಪ್ರಮಾಣ. ಪ್ರವೇಶ ಪುಸ್ತಕದಲ್ಲಿ ಹೇಗಿದೆಯೋ ಹಾಗೆಯೇ ನಕಲು ಮಾಡಬೇಕು. ದಾಖಲೆಯಲ್ಲಿಯೇ ತಪ್ಪಿದ್ದರೆ ಅದರ ತಿದ್ದುಪಡಿಗೆ ಬೇರೆ ಅರ್ಜಿ ಕೊಡಬೇಕು.

ತಿದ್ದಿದ ಅರ್ಜಿ

> ಮಾನ್ಯರೆ,
> ನಮ್ಮ ಶಾಲೆಯ ಕನ್ನಡ ಮಾಧ್ಯಮ ವಿಭಾಗದಲ್ಲಿ 42 ವಿದ್ಯಾರ್ಥಿಗಳು ಓದುತ್ತಿದ್ದಾರೆ. ಈ ವರ್ಷದ ಜೂನ್ ತಿಂಗಳಿನಿಂದ ಗಣಿತದ ಒಂದು, ವಿಜ್ಞಾನದ ಒಂದು, ಹೀಗೆ ಎರಡು ಶಿಕ್ಷಕ ಹುದ್ದೆಗಳು ಖಾಲಿಯಿವೆ. ಈಗ ತಾತ್ಕಾಲಿಕವಾಗಿ ಬರುತ್ತಿರುವ ಒಬ್ಬ ಶಿಕ್ಷಕರಿಗೆ ಕನ್ನಡ ಬಾರದ ಕಾರಣ ಮಕ್ಕಳಿಗೆ ಪಾಠ ಅರ್ಥವಾಗುತ್ತಿಲ್ಲ. ಈ ಬಗ್ಗೆ ನಾವು ಜುಲೈ ತಿಂಗಳಲ್ಲಿ ಮನವಿ ಸಲ್ಲಿಸಿದ್ದೆವು. ಅದಕ್ಕೆ ಈವರೆಗೆ ಕಚೇರಿಯಿಂದ ಉತ್ತರ ಬಂದಿಲ್ಲ. ರಕ್ಷಕ-ಶಿಕ್ಷಕ ಸಂಘದ ಸಭೆಯು ಈ ಅರ್ಜಿಗೆ ಒಪ್ಪಿಗೆ ನೀಡಿದೆ. ಆದ್ದರಿಂದ ಈ ಎರಡೂ ಹುದ್ದೆಗಳಿಗೆ ಕನ್ನಡ ಬಲ್ಲ ಶಿಕ್ಷಕರನ್ನು ಶೀಘ್ರವಾಗಿ ನೇಮಿಸಬೇಕೆಂದು ಕೋರುತ್ತೇವೆ.

ತಪಾಸಣಾ ಪಟ್ಟಿ

ಇದನ್ನು ಒಂದು ರಟ್ಟಿನ ಮೇಲೆ ಬರೆದು ಮಗು ಓದಲು ಕೂರುವಲ್ಲಿ ಇಡಬಹುದು.

ಕಾಲ
1. ಪ್ರತಿ ಕ್ರಿಯಾಪದವೂ ಅದು ನಡೆದ ಕಾಲವನ್ನೇ ಹೇಳುತ್ತಿದೆಯೇ?
2. ಆಗಿಹೋದ ಕೆಲಸಕ್ಕೆ ‘ಉತ್ತೇವೆ’, ‘ಉತ್ತಾರೆ’ ಎಂಬ ರೂಪ ಬಂದಿದೆಯೇ?
3. ‘ಇದೆ’ ಎನ್ನಬೇಕಾದಲ್ಲಿ ‘ಇತ್ತು’ ಅಥವಾ ‘ಇರುತ್ತದೆ’ ಎಂದಿದೆಯೇ?

ಹೊಂದಾಣಿಕೆ
4. ‘ಯಾರು?’, ‘ಯಾವುದು?’ ಎಂಬುದರ ಉತ್ತರವನ್ನು ಕ್ರಿಯಾಪದದೊಡನೆ ಜೋಡಿಸಿ ಓದಿದಾಗ ಸರಿ ಕೇಳಿಸುತ್ತದೆಯೇ?
5. ‘ನಾನು’, ‘ನಾವು’ ಬೆರೆತಿವೆಯೇ?
6. ‘ಇಲ್ಲ’ ಎಂದು ಮುಗಿಯುವ ವಾಕ್ಯದಲ್ಲಿ ಕರ್ತೃ ಇದೆಯೇ?
7. ಗೌರವದ ಬಹುವಚನದಲ್ಲಿ ಸಂಖ್ಯೆ ಮರೆಯಾಗಿದೆಯೇ?

ಚಿಹ್ನೆ
8. ಪ್ರತಿ ಪೂರ್ಣ ಕ್ರಿಯಾಪದದ ಮುಂದೆ ಚಿಹ್ನೆ ಇದೆಯೇ?
9. ಪಟ್ಟಿಯಾಗಿ ಬರುವ ಪದಗಳ ನಡುವೆ ಅಲ್ಪವಿರಾಮವಿದೆಯೇ?
10. ಮೊದಲು ಬಂದ ವಿಶೇಷಣ ಯಾವ ಪದಕ್ಕೆ ಸೇರಿದ್ದೆಂಬುದು ಸ್ಪಷ್ಟವೇ?

ಕಾಗುಣಿತ
11. ಮಹಾಪ್ರಾಣ, ಒತ್ತಕ್ಷರ, ದೀರ್ಘಗಳು ಸರಿಯಾಗಿವೆಯೇ?
12. ಕೂಡಿರಬೇಕಾದ ಪದ ಬಿಡಿಯಾಗಿದೆಯೇ? ಹೆಸರುಗಳು ದಾಖಲೆಯಲ್ಲಿರುವಂತೆಯೇ ಇವೆಯೇ?

ಹನ್ನೆರಡು ಪ್ರಶ್ನೆಗಳು ಎಲ್ಲರಿಗೂ ಸಮನಾಗಿ ಬೇಕಾಗುವುದಿಲ್ಲ. ಮಗುವಿನ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ‘ಬರೆದದ್ದು’, ‘ಸರಿಯಾದದ್ದು’ ಎಂದು ಎರಡು ಕಂಬಸಾಲುಗಳನ್ನು ಮಾಡಿ, ತಿದ್ದಿದ ಪ್ರತಿ ತಪ್ಪನ್ನೂ ಅಲ್ಲಿ ಬರೆಸಬೇಕು. ಕೆಲವು ವಾರಗಳಲ್ಲಿ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆ ಮಗುವಿಗೆ ಆ ಒಂದು ಪ್ರಶ್ನೆಯನ್ನೇ ಪಟ್ಟಿಯ ಮೊದಲಿಗೆ ತರಬೇಕು.

ಈ ಕ್ರಮಕ್ಕೂ ಒಂದು ಮಿತಿಯಿದೆ. ಸರಿಯಾದ ರೂಪವೇ ತಿಳಿದಿಲ್ಲದ ಪದವನ್ನು ಎಷ್ಟು ಬಾರಿ ಓದಿದರೂ ತಪ್ಪು ಕಾಣಿಸದು. ಅನುಮಾನ ಬಂದ ಪದಕ್ಕೆ ಗುರುತು ಹಾಕಿ ನಿಘಂಟಿನಲ್ಲಿ ನೋಡಬೇಕು. ವಾಕ್ಯದ ಸ್ಪಷ್ಟತೆಯನ್ನು ಅಳೆಯಲು ವಿಷಯ ತಿಳಿಯದ ಒಬ್ಬರಿಗೆ ಅರ್ಜಿಯನ್ನು ಓದಲು ಕೊಟ್ಟು, ಹಾಳೆಯನ್ನು ಮರಳಿ ಪಡೆದು, ‘ಇದರಲ್ಲಿ ಏನು ಕೇಳಿದ್ದಾರೆ?’ ಎಂದು ವಿಚಾರಿಸಬೇಕು. ‘ಇಬ್ಬರು ಕನ್ನಡ ಬಲ್ಲ ಶಿಕ್ಷಕರು, ಒಬ್ಬರು ಗಣಿತಕ್ಕೆ, ಒಬ್ಬರು ವಿಜ್ಞಾನಕ್ಕೆ’ ಎಂದು ಅವರು ಹೇಳಿದರೆ ಅರ್ಜಿಯನ್ನು ಕೊಡಬಹುದು. ಕೊಡುವಾಗ ಎರಡು ಪ್ರತಿಗಳನ್ನು ಒಯ್ದು, ನಮ್ಮ ಪ್ರತಿಯ ಮೇಲೆ ದಿನಾಂಕದೊಡನೆ ಸ್ವೀಕೃತಿಯ ಮೊಹರನ್ನು ಪಡೆದುಕೊಳ್ಳಬೇಕು. ಮುಂದಿನ ಅರ್ಜಿಯಲ್ಲಿ ‘ಸಲ್ಲಿಸಿದ್ದೆವು’ ಎಂದು ಬರೆಯುವಾಗ ಆ ದಿನಾಂಕವನ್ನು ಅಲ್ಲಿಂದಲೇ ತೆಗೆದುಕೊಳ್ಳಬಹುದು.